ಫ್ರೆಂಚ್ ಚಾಲನಾ ಪರವಾನಗಿ ಮತ್ತು ಅಪಘಾತ ವರದಿಯ ಇಂಗ್ಲಿಷ್ ಅನುವಾದ: ವಿಮೆಯ ಕ್ಲೇಮಿಗಾಗಿ ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಅಲ್ಲಿಯೇ ಕಾರು ಓಡಿಸಲು ಕಲಿತು ಪರವಾನಗಿ ಪಡೆದು, ಆಮೇಲೆ ಇಂಗ್ಲೆಂಡಿಗೆ ಬಂದು ನೆಲೆಸಿದ ಕನ್ನಡಿಗರು ಕೆಲವರಿದ್ದಾರೆ. ಅವರು ರಜೆಯಲ್ಲಿ ತಮ್ಮ ಬ್ರಿಟಿಷ್ ಕಾರಿನಲ್ಲಿ ಮತ್ತೆ ಫ್ರಾನ್ಸಿಗೆ ಹೋದಾಗ ಅಪಘಾತವಾದರೆ, ಅಪಘಾತದ ವರದಿಯೂ ಫ್ರೆಂಚಿನಲ್ಲಿರುತ್ತದೆ, ಪರವಾನಗಿಯೂ ಫ್ರೆಂಚಿನದೇ ಆಗಿರುತ್ತದೆ, ಆದರೆ ಕ್ಲೇಮನ್ನು ಪರಿಶೀಲಿಸುವವರು ಇಂಗ್ಲಿಷ್ ಮಾತ್ರ ಬಲ್ಲವರಾಗಿರುತ್ತಾರೆ. ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದ ಮಾಡುವ ನನ್ನನ್ನು ಇಂಥವರು ಕೇಳುವ ಪ್ರಶ್ನೆಗಳನ್ನು, ಅವರ ಆ ಒಂದೇ ಸನ್ನಿವೇಶವನ್ನು ಮನಸ್ಸಿನಲ್ಲಿಟ್ಟುಕೊಂಡು, ಇಲ್ಲಿ ಉತ್ತರಿಸಿದ್ದೇನೆ.

ಅನುವಾದ ಕೈಗೆ ಬರುವವರೆಗೆ ಕ್ಲೇಮನ್ನು ತಡೆಹಿಡಿಯಬೇಕೇ?

ಖಂಡಿತ ಬೇಡ. ಅಪಘಾತವಾದ ಸುದ್ದಿಯನ್ನು ತಿಳಿಸುವುದಕ್ಕೆ ಅವಧಿ ಇರುತ್ತದೆ. ಅನುವಾದವನ್ನು ಕೊಡುವುದಕ್ಕೆ ಸಾಮಾನ್ಯವಾಗಿ ಅಷ್ಟು ಬಿಗಿಯಾದ ಅವಧಿ ಇರುವುದಿಲ್ಲ. ಫ್ರೆಂಚ್ ವಿಮಾ ಕಾನೂನಿನಂತೆ ಅಲ್ಲಿನ ಪಾಲಿಸಿದಾರರಿಗೆ ವಾಹನ ಅಪಘಾತವನ್ನು ತಿಳಿಸಲು ಕನಿಷ್ಠ ಐದು ಕೆಲಸದ ದಿನಗಳ ಕಾಲಾವಕಾಶವಿದೆ. ನಿಮ್ಮ ಪಾಲಿಸಿ ಬ್ರಿಟಿಷ್ ಕಂಪನಿಯದಾದರೆ ಆ ಕಂಪನಿಯ ಷರತ್ತೇ ನಿಮಗೆ ಅನ್ವಯಿಸುತ್ತದೆ, ಅದು ಇನ್ನೂ ಬಿಗಿಯಾಗಿರಬಹುದು. ಆದ್ದರಿಂದ ಮೊದಲು ಫ್ರೆಂಚ್ ಮೂಲದ ಎರಡೂ ಬದಿಯ ಸ್ಪಷ್ಟ ಚಿತ್ರಗಳನ್ನು ಕಳುಹಿಸಿ, ಅನುವಾದ ಹಿಂದೆಯೇ ಬರುತ್ತದೆಂದು ಬರೆದು ತಿಳಿಸಿರಿ. ಅದೇ ಪತ್ರದಲ್ಲಿ ಕಂಪನಿಗೆ ಎಂಥ ಅನುವಾದ ಬೇಕೆಂದು ಕೇಳಿಬಿಡಿ, ಏಕೆಂದರೆ ಫ್ರೆಂಚ್ ಬಲ್ಲ ಸಿಬ್ಬಂದಿ ಇರುವ ಕಂಪನಿ ಅಪಘಾತ ವರದಿಯ ಅನುವಾದವನ್ನೇ ಕೇಳದೆ ಹೋಗಬಹುದು.

ನನಗೇ ಫ್ರೆಂಚ್ ಬರುತ್ತದೆ. ನಾನೇ ಅನುವಾದಿಸಬಹುದೇ?

ಭಾಷೆ ಬಂದರೂ ಬೇಡವೆಂದೇ ಹೇಳುತ್ತೇನೆ. ಕ್ಲೇಮಿನ ಹಣ ನಿಮಗೆ ಬರಬೇಕಾಗಿರುವಾಗ, ಎದುರು ಚಾಲಕರು ಬರೆದ ಮಾತನ್ನು ನೀವೇ ಇಂಗ್ಲಿಷಿಗೆ ತಂದರೆ ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಆ ಪಕ್ಷದವರು ಅದನ್ನು ಪ್ರಶ್ನಿಸಬಹುದು.

ಫ್ರಾನ್ಸಿನಲ್ಲಿ ಮೇಲ್ಮನವಿ ನ್ಯಾಯಾಲಯಗಳ ಪಟ್ಟಿಯಲ್ಲಿ ಸೇರಿ ಪ್ರಮಾಣವಚನ ಸ್ವೀಕರಿಸಿದ ಅನುವಾದಕರಿದ್ದಾರೆ. ಇಂಗ್ಲೆಂಡಿನಲ್ಲಿ ಅಂಥ ಪದ್ಧತಿಯೇ ಇಲ್ಲ. ಅಲ್ಲಿ ಪ್ರಮಾಣಿತ ಅನುವಾದವೆಂದರೆ, ಇದು ಮೂಲದ ಸತ್ಯವಾದ ಮತ್ತು ನಿಖರವಾದ ಅನುವಾದವೆಂದು ಅನುವಾದಕರು ಬರೆದು, ದಿನಾಂಕ, ತಮ್ಮ ಪೂರ್ಣ ಹೆಸರು ಮತ್ತು ಸಂಪರ್ಕ ವಿವರಗಳನ್ನು ಸೇರಿಸಿ ಸಹಿ ಮಾಡಿಕೊಟ್ಟ ಅನುವಾದ. ಸಾಮಾನ್ಯ ಕ್ಲೇಮಿಗೆ ಇಷ್ಟು ಸಾಕಾಗುತ್ತದೆ. ನೋಟರಿಯ ಮುದ್ರೆಗೋ, ದಾಖಲೆ ಬೇರೆ ದೇಶದಲ್ಲಿ ನಡೆಯಲೆಂದು ಸರ್ಕಾರ ಕೊಡುವ ಅಪೊಸ್ಟಿಲ್ ಎಂಬ ದೃಢೀಕರಣಕ್ಕೋ ಕಂಪನಿ ಬರಹದಲ್ಲಿ ಕೇಳದ ಹೊರತು ಹಣ ಖರ್ಚು ಮಾಡಬೇಡಿ.

ಚಾಲನಾ ಪರವಾನಗಿಯಲ್ಲಿ ಅನುವಾದಿಸುವಂಥದ್ದು ಏನಿದೆ? ಅದರಲ್ಲಿ ಬರಿ ಅಂಕಿಗಳೇ ಕಾಣುತ್ತವೆ.

ಫ್ರಾನ್ಸಿನಲ್ಲಿ 2013ರ ಸೆಪ್ಟೆಂಬರಿನಿಂದ ಕೊಡುತ್ತಿರುವ ಬ್ಯಾಂಕ್ ಕಾರ್ಡಿನ ಅಳತೆಯ ಪರವಾನಗಿಯಲ್ಲಿ ಪದಗಳು ನಿಜವಾಗಿಯೂ ಕಡಿಮೆ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಒಂದೇ ಅರ್ಥ ಕೊಡುವ ಸಂಖ್ಯೆಗಳೇ ಅದರ ಭಾಷೆ: 1 ಎಂದರೆ ಕುಟುಂಬದ ಹೆಸರು, 2 ಎಂದರೆ ಕೊಟ್ಟ ಹೆಸರು, 3 ಎಂದರೆ ಹುಟ್ಟಿದ ದಿನ ಮತ್ತು ಸ್ಥಳ, 5 ಎಂದರೆ ಪರವಾನಗಿಯ ಸಂಖ್ಯೆ. ಅನುವಾದಕರು ಮಾಡಬೇಕಾದುದು ಪ್ರತಿ ಸಂಖ್ಯೆಯನ್ನು ಉಳಿಸಿಕೊಂಡು ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯುವುದು.

ಇಲ್ಲಿ ಒಂದು ತಪ್ಪು ನಿಮಗೆ ದುಬಾರಿಯಾಗಬಹುದು. ಮುಂಬದಿಯ 4ಎ ಎಂಬುದು ಈ ಕಾರ್ಡನ್ನು ಕೊಟ್ಟ ದಿನಾಂಕ. ಹಿಂಬದಿಯ ಕೋಷ್ಟಕದ 10ನೆಯ ಕಾಲಮಿನಲ್ಲಿರುವುದು ಆ ವರ್ಗದ ವಾಹನ ಓಡಿಸುವ ಹಕ್ಕು ನಿಮಗೆ ಮೊದಲು ದೊರೆತ ದಿನಾಂಕ. ನೀವು 2012ರಲ್ಲಿ ಬಿ ವರ್ಗದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಆಗ ಕೊಟ್ಟ ಕಾಗದದ ಪರವಾನಗಿ ಕಳೆದುಹೋದ ಕಾರಣ 2022ರಲ್ಲಿ ಈ ಕಾರ್ಡನ್ನು ಪಡೆದಿದ್ದೀರೆಂದು ಭಾವಿಸೋಣ. ಅನುವಾದದಲ್ಲಿ ಬರಿಯ ‘ಪರವಾನಗಿ ಕೊಟ್ಟ ದಿನಾಂಕ 2022’ ಎಂದಷ್ಟೇ ಇದ್ದರೆ ನೀವು ಹೊಸ ಚಾಲಕರಂತೆ ಕಾಣುತ್ತೀರಿ, ಪಾಲಿಸಿ ಕೊಳ್ಳುವಾಗ ಹತ್ತು ವರ್ಷಕ್ಕೂ ಹೆಚ್ಚು ಅನುಭವವಿದೆಯೆಂದು ನೀವು ಹೇಳಿದ್ದು ಸುಳ್ಳೆಂಬಂತಾಗುತ್ತದೆ. ಆದ್ದರಿಂದ ಹಿಂಬದಿಯನ್ನೂ ಪೂರ್ಣವಾಗಿ ಅನುವಾದಿಸಬೇಕು, ಎರಡೂ ದಿನಾಂಕಗಳಿಗೆ ಬೇರೆ ಬೇರೆ ಹೆಸರು ಕೊಡಬೇಕು. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಗೊಂದಲವೇ ಉಳಿಯುವುದಿಲ್ಲ.

12ನೆಯ ಕಾಲಮಿನ ಸಂಕೇತಗಳನ್ನೂ ಬಿಡುವಂತಿಲ್ಲ. 01ರಿಂದ ಶುರುವಾಗುವ ಸಂಕೇತ ಕನ್ನಡಕವೋ ಲೆನ್ಸೋ ಬೇಕೆಂಬ ಷರತ್ತು, 78 ಎಂದರೆ ಆಟೊಮ್ಯಾಟಿಕ್ ಗೇರಿನ ವಾಹನ ಮಾತ್ರ. 78 ಇರುವವರು ಕೈಗೇರಿನ ಕಾರನ್ನು ಓಡಿಸುತ್ತಿದ್ದರೆ ಅದು ಕ್ಲೇಮಿನ ಬುಡವನ್ನೇ ಮುಟ್ಟುವ ವಿಷಯ, ಮತ್ತು ಅದನ್ನು ಅನುವಾದದಲ್ಲಿ ಮರೆಸುವುದು ವಂಚನೆಯಾಗುತ್ತದೆ.

ನನ್ನ ಬಳಿ ಇರುವುದು ಮೂರು ಮಡಿಕೆಯ ಗುಲಾಬಿ ಬಣ್ಣದ ಹಳೆಯ ಕಾಗದ. ಅದಕ್ಕೇನು?

ಆ ಕಾಗದವು 2033ರ ಜನವರಿ 19ರವರೆಗೆ ಮಾನ್ಯವಾಗಿಯೇ ಇರುತ್ತದೆ. ಅದರಲ್ಲಿ ಪದಗಳು ಹೆಚ್ಚು, ಮುದ್ರೆಗಳೂ ಇರುತ್ತವೆ. ಮುದ್ರೆಯ ಮೇಲಿನ ಬರಹವನ್ನು, ಅದು ಮುದ್ರೆಯೆಂದು ಸೂಚಿಸಿ, ಅನುವಾದಿಸಬೇಕು. ಪರವಾನಗಿ ಕೊಟ್ಟ ಪ್ರೆಫೆಕ್ಚರ್ ಎಂಬ ಕಚೇರಿಗೆ ಇಂಗ್ಲೆಂಡಿನಲ್ಲಿ ಸಮಾನವಾದ ಕಚೇರಿ ಇಲ್ಲದ ಕಾರಣ ಆ ಹೆಸರನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಪಾಲಿಸಿಯಲ್ಲಿರುವ ಹೆಸರಿಗೂ ಪರವಾನಗಿಯಲ್ಲಿರುವ ಹೆಸರಿಗೂ ಹೊಂದಿಕೆಯಾಗುತ್ತಿಲ್ಲ.

ನಮ್ಮವರಲ್ಲಿ ಇದು ಬಹಳ ಸಾಮಾನ್ಯ. ಊರಿನ ಹೆಸರು, ತಂದೆಯ ಹೆಸರು, ಕೊಟ್ಟ ಹೆಸರು ಎಂಬ ನಮ್ಮ ಜೋಡಣೆಯು ಪಾಸ್‌ಪೋರ್ಟಿನಲ್ಲಿ ಒಂದು ರೀತಿ ಹಂಚಿಹೋಗಿರುತ್ತದೆ, ಫ್ರೆಂಚ್ ಕಚೇರಿಯಲ್ಲಿ ಇನ್ನೊಂದು ರೀತಿ, ಇಂಗ್ಲೆಂಡಿನಲ್ಲಿ ಇನಿಷಿಯಲ್ ಆಗಿ ಮತ್ತೊಂದು ರೀತಿ. ಮದುವೆಯಾದ ಮಹಿಳೆಯರ ಫ್ರೆಂಚ್ ದಾಖಲೆಯಲ್ಲಿ ಹುಟ್ಟಿದಾಗಿನ ಹೆಸರೇ ಮುಖ್ಯ ಹೆಸರಾಗಿದ್ದು, ಗಂಡನ ಹೆಸರು ಬಳಕೆಯ ಹೆಸರಾಗಿ ಅದರ ಜೊತೆಗೆ ಬರುವುದುಂಟು. ಅನುವಾದಕರು ಇದನ್ನು ಸರಿಪಡಿಸಲು ಹೋಗಬಾರದು. ಪರವಾನಗಿಯಲ್ಲಿ ಯಾವ ಸಂಖ್ಯೆಯ ಎದುರು ಯಾವ ಹೆಸರಿದೆಯೋ ಹಾಗೆಯೇ ಇಡಬೇಕು. ಎರಡೂ ಹೆಸರು ಒಬ್ಬರದೇ ಎಂದು ತೋರಿಸುವ ಪತ್ರವನ್ನು, ಪಾಸ್‌ಪೋರ್ಟಿನ ಪ್ರತಿಯೊಂದಿಗೆ, ನೀವೇ ಬರೆದು ಕಳುಹಿಸಬೇಕು.

ಅಪಘಾತವಾದ ಜಾಗದಲ್ಲಿ ಇಬ್ಬರೂ ತುಂಬಿ ಸಹಿ ಹಾಕಿದ ಕಾಗದವನ್ನು ಏನೆಂದು ಕರೆಯುತ್ತಾರೆ? ಅದನ್ನು ಪೂರ್ತಿ ಅನುವಾದಿಸಬೇಕೇ?

ಅದನ್ನು ಫ್ರೆಂಚಿನಲ್ಲಿ ‘ಕೊನ್‌ಸ್ತಾ ಅಮಿಯಾಬ್ಲ್’ ಎನ್ನುತ್ತಾರೆ, ಅಂದರೆ ಇಬ್ಬರೂ ಒಪ್ಪಿ ಬರೆದ ಹೇಳಿಕೆ. ಪೊಲೀಸರು ಬರೆಯುವ ವರದಿ ಇದಲ್ಲ. ತಪ್ಪು ಯಾರದೆಂದು ಒಪ್ಪಿಕೊಳ್ಳುವ ಕಾಗದವೂ ಅಲ್ಲ, ಗುರುತು ಮತ್ತು ಸಂಗತಿಗಳ ದಾಖಲೆ ಮಾತ್ರವೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ.

ಇದರ ವಿನ್ಯಾಸವು ಯುರೋಪಿನುದ್ದಕ್ಕೂ ಒಂದೇ ಆಗಿದ್ದು, ಇಂಗ್ಲಿಷಿನಲ್ಲಿಯೂ ಇದೇ ನಮೂನೆ ಅಚ್ಚಾಗಿ ದೊರೆಯುತ್ತದೆ. 1 ದಿನಾಂಕ ಮತ್ತು ಸಮಯ, 3 ಗಾಯಾಳುಗಳು, 5 ಸಾಕ್ಷಿಗಳು, 9 ಚಾಲಕರು, 10 ಮೊದಲು ತಗುಲಿದ ಜಾಗ, 12 ಸಂದರ್ಭಗಳು, 13 ನಕ್ಷೆ, 14 ಟಿಪ್ಪಣಿ, 15 ಸಹಿ ಎಂಬ ಸಂಖ್ಯೆಗಳು ಎರಡು ಭಾಷೆಗಳಲ್ಲೂ ಒಂದೇ. ಆದ್ದರಿಂದ ಅಚ್ಚಾದ ಭಾಗಕ್ಕೆ ಹೊಸ ಇಂಗ್ಲಿಷ್ ಹುಡುಕುವ ಅಗತ್ಯವಿಲ್ಲ. ಇಂಗ್ಲಿಷ್ ನಮೂನೆಯ ಪದಗಳನ್ನೇ ತೆಗೆದುಕೊಂಡರೆ ವಿಮಾ ಕಂಪನಿಯವರಿಗೆ ಅದು ಪರಿಚಿತವಾಗಿರುತ್ತದೆ. ನಿಜವಾದ ಶ್ರಮ ಇರುವುದು ಕೈಬರಹ, ಕತ್ತರಿ ಗುರುತುಗಳು ಮತ್ತು ಹೊಡೆದುಹಾಕಿದ ಪದಗಳಲ್ಲಿ. ಎರಡು ವಾಹನಗಳ ಕಾಲಮುಗಳನ್ನೂ ಪೂರ್ತಿ ಅನುವಾದಿಸಬೇಕು, ನಿಮ್ಮ ಅರ್ಧವನ್ನು ಮಾತ್ರವಲ್ಲ.

12ನೆಯ ಭಾಗದ ಕತ್ತರಿ ಗುರುತುಗಳನ್ನು ಅನುವಾದದಲ್ಲಿ ಹೇಗೆ ತೋರಿಸುವುದು?

ಆ ಭಾಗದಲ್ಲಿ 17 ಸಂದರ್ಭಗಳಿದ್ದು, ನಡುವೆ ಅವುಗಳ ಪಟ್ಟಿ, ಎಡಕ್ಕೆ ಎ ವಾಹನದ ಚೌಕಗಳು, ಬಲಕ್ಕೆ ಬಿ ವಾಹನದ ಚೌಕಗಳು ಇರುತ್ತವೆ. ಗುರುತಿಲ್ಲದ ಸಾಲುಗಳನ್ನೂ ಅನುವಾದದಲ್ಲಿ ಉಳಿಸಬೇಕು, ಏಕೆಂದರೆ ಖಾಲಿ ಚೌಕವೂ ಒಂದು ಹೇಳಿಕೆಯೇ. ಕೊನೆಯಲ್ಲಿ ಎಷ್ಟು ಚೌಕಗಳಿಗೆ ಗುರುತು ಹಾಕಿದೆ ಎಂಬ ಸಂಖ್ಯೆಯನ್ನು ಇಬ್ಬರೂ ಬರೆಯಬೇಕು. ಆಮೇಲೆ ಯಾರೂ ಇನ್ನೊಂದು ಗುರುತನ್ನು ಸೇರಿಸದಿರಲೆಂದೇ ಆ ಲೆಕ್ಕ. ಬರೆದ ಸಂಖ್ಯೆ 2 ಆಗಿದ್ದು ಗುರುತುಗಳು 3 ಇದ್ದರೆ, ಎರಡನ್ನೂ ಇದ್ದಂತೆಯೇ ತೋರಿಸಿ ಅನುವಾದಕರ ಟಿಪ್ಪಣಿಯಲ್ಲಿ ವ್ಯತ್ಯಾಸವನ್ನು ಹೇಳಬೇಕು.

ಕೆಲವು ಸಾಲುಗಳಲ್ಲಿ ಎರಡು ಆಯ್ಕೆಗಳಿದ್ದು, ಅನ್ವಯಿಸದಿದ್ದುದನ್ನು ಗೆರೆ ಎಳೆದು ಹೊಡೆದುಹಾಕಬೇಕು. ಮೊದಲ ಸಾಲೇ ಹಾಗಿದೆ: ‘ಆನ್ ಸ್ತಾಸಿಯೊನ್‌ಮಾಂ’ ಎಂದರೆ ನಿಲುಗಡೆ ಮಾಡಿಟ್ಟ ಕಾರು, ‘ಆ ಲಾರೆ’ ಎಂದರೆ ಸಂಚಾರದ ನಡುವೆ ನಿಂತಿರುವ ಕಾರು. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಪಾರ್ಕ್ಡ್’, ಎರಡನೆಯದಕ್ಕೆ ‘ಸ್ಟಾಪ್ಡ್’. ಕಾರ್ಬನ್ ಪ್ರತಿಯಲ್ಲಿ ಈ ಗೆರೆ ಮಸುಕಾಗಿರುತ್ತದೆ, ಫೋನಿನಲ್ಲಿ ತೆಗೆದ ಚಿತ್ರದಲ್ಲಂತೂ ಕೆಲವೊಮ್ಮೆ ಕಾಣುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಿದ್ದವರು ಗೆರೆಯೊಂದು ತಪ್ಪಿದ್ದಕ್ಕೆ ರಸ್ತೆಯ ಮಧ್ಯೆ ಕಾರನ್ನು ನಿಲ್ಲಿಸಿ ಹೋದವರಂತೆ ಕಾಣಬಹುದು. ಅನುವಾದಕರಿಗೆ ಸಾಧ್ಯವಾದರೆ ಮೂಲ ಪ್ರತಿಯನ್ನೇ ತೋರಿಸಿರಿ.

ಒಂದು ಪೂರ್ಣ ಉದಾಹರಣೆ ಕೊಡಬಹುದೇ?

ಒಂದು ಸನ್ನಿವೇಶವನ್ನು ಕಟ್ಟಿಕೊಳ್ಳೋಣ. ಟೂಲೂಸಿನ ಹೊರವಲಯದ ಒಂದು ವೃತ್ತದಲ್ಲಿ ನಿಮ್ಮ ಬ್ರಿಟಿಷ್ ಕಾರು ಸುತ್ತುತ್ತಿದೆ. ಅದು ಎ ವಾಹನ. ಫ್ರೆಂಚ್ ನೋಂದಣಿಯ ವ್ಯಾನೊಂದು ವೃತ್ತದೊಳಗೆ ನುಗ್ಗಿ ನಿಮಗೆ ತಗುಲುತ್ತದೆ, ಅದು ಬಿ. ಎ ಕಾಲಮಿನಲ್ಲಿ 7ನೆಯ ಚೌಕಕ್ಕೆ ಗುರುತಿದೆ, ಅಂದರೆ ವೃತ್ತದಲ್ಲಿ ಸಾಗುತ್ತಿತ್ತು. ಬಿ ಕಾಲಮಿನಲ್ಲಿ 6ಕ್ಕೆ ಗುರುತಿದೆ, ಅಂದರೆ ವೃತ್ತವನ್ನು ಪ್ರವೇಶಿಸುತ್ತಿತ್ತು. ಇಬ್ಬರ ಲೆಕ್ಕವೂ 1. ನಿಮ್ಮ 11ನೆಯ ಭಾಗದಲ್ಲಿ, ಕಣ್ಣಿಗೆ ಕಾಣುವ ಹಾನಿಯ ಜಾಗದಲ್ಲಿ, ‘ಪೊರ್ತಿಯೇರ್ ಎವಿ ಡಿ’ ಎಂದಿದೆ. ಎವಿ ಎಂದರೆ ಅವಾಂ, ಮುಂದೆ. ಡಿ ಎಂದರೆ ದ್ರುವಾ, ಬಲ. ಹಾಗಾಗಿ ಇದು ಮುಂದಿನ ಬಲ ಬಾಗಿಲು. ಎಆರ್ ಎಂದಿದ್ದರೆ ಹಿಂದೆ, ಜಿ ಎಂದಿದ್ದರೆ ಎಡ.

ನೀವು 14ರಲ್ಲಿ ‘ರೆಫ್ಯೂ ದ ಪ್ರಿಯೊರಿತೆ’ ಎಂದು ಬರೆದಿದ್ದೀರಿ. ಪದಕ್ಕೆ ಪದವಿಟ್ಟರೆ ಇಂಗ್ಲಿಷಿನಲ್ಲಿ ಆದ್ಯತೆಯ ನಿರಾಕರಣೆ ಎಂಬ ಅರ್ಥದ, ಯಾರೂ ಆಡದ ಮಾತಾಗುತ್ತದೆ. ಬ್ರಿಟಿಷ್ ವಿಮಾ ಕಂಪನಿಯವರ ಮಾತು ‘ಫೇಲ್ಡ್ ಟು ಗಿವ್ ವೇ’, ಅಂದರೆ ದಾರಿ ಬಿಡಬೇಕಾದವರು ಬಿಡಲಿಲ್ಲ.

ಈಗ ಬಿ ಚಾಲಕರ ಟಿಪ್ಪಣಿಯನ್ನು ನೋಡಿ. ಅವರು ‘ಎ ವಾಹನಕ್ಕೆ ಪ್ರಯಾಣಿಕರ ಬದಿಯಲ್ಲಿ ತಗುಲಿತು’ ಎಂದು ಫ್ರೆಂಚಿನಲ್ಲಿ ಬರೆದಿದ್ದಾರೆ. ಫ್ರಾನ್ಸಿನಲ್ಲಿ ಸ್ಟಿಯರಿಂಗ್ ಎಡಕ್ಕಿರುವುದರಿಂದ ಅವರ ಅಭ್ಯಾಸದಲ್ಲಿ ಪ್ರಯಾಣಿಕರ ಬದಿಯೆಂದರೆ ಬಲ. ಆದರೆ ನಿಮ್ಮ ಕಾರಿನಲ್ಲಿ ಬಲಬದಿ ಚಾಲಕರದು. ಲಂಡನ್ನಿನಲ್ಲಿ ಕುಳಿತು ಓದುವವರು ಪ್ರಯಾಣಿಕರ ಬದಿಯನ್ನು ಎಡವೆಂದು ತಿಳಿದು, ಬಲ ಬಾಗಿಲು ನಜ್ಜುಗುಜ್ಜಾದ ಚಿತ್ರವನ್ನು ನೋಡಿ, ಇದು ಬೇರೊಂದು ಅಪಘಾತದ ಹಾನಿಯಿರಬಹುದೇ ಎಂದು ಸಂಶಯಪಡುತ್ತಾರೆ. ಫ್ರಾನ್ಸಿನಲ್ಲಿ ವಾಹನಗಳು ವೃತ್ತವನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ, ಒಳಗೆ ಬರುವ ವಾಹನವು ಸುತ್ತುತ್ತಿರುವ ವಾಹನದ ಬಲದಿಂದಲೇ ಬರುತ್ತದೆ. 10ನೆಯ ಭಾಗದ ಬಾಣವೂ ಬಲಬದಿಯನ್ನೇ ತೋರಿಸುತ್ತಿದೆ. ಇಲ್ಲಿ ಅನುವಾದಕರು ‘ಪ್ರಯಾಣಿಕರ ಬದಿ’ ಎಂಬ ಮಾತನ್ನು ‘ಬಲಬದಿ’ ಎಂದು ತಿದ್ದಬಾರದು. ಬರೆದದ್ದನ್ನು ಬರೆದಂತೆಯೇ ಅನುವಾದಿಸಿ, ಎಡ ಸ್ಟಿಯರಿಂಗಿನ ವಾಹನದಲ್ಲಿ ಈ ಮಾತು ಬಲಬದಿಯನ್ನು ಸೂಚಿಸುತ್ತದೆಯೆಂದೂ 10ನೆಯ ಭಾಗದ ಬಾಣ ಬಲಕ್ಕಿದೆಯೆಂದೂ ಅಡಿಟಿಪ್ಪಣಿ ಕೊಡಬೇಕು. ಆ ಎರಡು ಸಾಲು ಇಡೀ ಅನುವಾದದಲ್ಲಿ ಅತ್ಯಂತ ಬೆಲೆಬಾಳುವ ಸಾಲುಗಳೆಂದು ನಾನು ಭಾವಿಸುತ್ತೇನೆ.

ವೃತ್ತದಲ್ಲಿ ಸಾಗುತ್ತಿದ್ದವರಿಗೇ ದಾರಿಯ ಹಕ್ಕು ಎಂಬುದನ್ನು ಅನುವಾದದಲ್ಲಿ ಸೇರಿಸಬಹುದೇ?

ಬೇಡ. ಹಾಗೆ ಸೇರಿಸಿದರೆ ಅದು ಅನುವಾದವಲ್ಲ, ವಾದ. ಅಲ್ಲದೆ ಫ್ರಾನ್ಸಿನಲ್ಲಿ ಅದು ಎಲ್ಲೆಡೆಯೂ ನಿಜವಲ್ಲ. ಪ್ರವೇಶದಲ್ಲಿ ದಾರಿ ಬಿಡಿ ಎಂಬ ಫಲಕವಿರುವ ವೃತ್ತಗಳಲ್ಲಿ ಒಳಗಿರುವವರಿಗೆ ಆದ್ಯತೆ. ಅಂಥ ಫಲಕವಿಲ್ಲದ ಕಡೆ ಬಲದಿಂದ ಬರುವವರಿಗೆ ಆದ್ಯತೆಯೆಂಬ ಸಾಮಾನ್ಯ ನಿಯಮ ನಡೆಯುತ್ತದೆ. ಪ್ಯಾರಿಸ್ಸಿನ ಆರ್ಕ್ ದ ತ್ರಿಯೋಂಫ್ ಸುತ್ತಲಿನ ವೃತ್ತದಲ್ಲಿ ಒಳಗೆ ಬರುವವರಿಗೇ ಒಳಗಿರುವವರು ದಾರಿ ಬಿಡಬೇಕು. ಬ್ರಿಟಿಷ್ ಓದುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಅಲ್ಲಿದ್ದ ಫಲಕದ ಚಿತ್ರವನ್ನು ನೀವು ಕ್ಲೇಮಿನೊಂದಿಗೆ ಪ್ರತ್ಯೇಕವಾಗಿ ಕಳುಹಿಸುವುದು ಸರಿಯಾದ ದಾರಿ. 13ನೆಯ ಭಾಗದ ನಕ್ಷೆಯಲ್ಲಿ ಫಲಕವನ್ನು ಬರೆದಿದ್ದರೆ ಅನುವಾದದಲ್ಲಿ ಅದೂ ಬರಬೇಕು: ನಕ್ಷೆಯನ್ನು ಚಿತ್ರವಾಗಿಯೇ ಸೇರಿಸಿ, ಅದರೊಳಗಿನ ಪ್ರತಿ ಪದಕ್ಕೂ ಕೆಳಗೆ ಇಂಗ್ಲಿಷ್ ಕೊಡಬೇಕು. ಅನುವಾದಕರು ನಕ್ಷೆಯನ್ನು ಹೊಸದಾಗಿ ಬರೆಯಬಾರದು.

ಕೈಬರಹ ಓದಲಾಗುತ್ತಿಲ್ಲ. ಊಹಿಸಬಹುದೇ?

ಊಹೆ ಬೇಡ. ಓದಲಾಗದ ಕಡೆ ಓದಲಾಗುತ್ತಿಲ್ಲವೆಂದೇ ಬರೆಯಬೇಕು. ಫ್ರೆಂಚರು ಬರೆಯುವ 1ಕ್ಕೆ ಉದ್ದನೆಯ ಕೊಕ್ಕೆಯಿದ್ದು ನಮಗೆ 7ರಂತೆ ಕಾಣುತ್ತದೆ, ಅವರ 7ಕ್ಕೆ ನಡುವೆ ಅಡ್ಡಗೆರೆಯಿರುತ್ತದೆ. ನೋಂದಣಿ ಸಂಖ್ಯೆಯಲ್ಲೋ ಪಾಲಿಸಿ ಸಂಖ್ಯೆಯಲ್ಲೋ ಇದು ತಪ್ಪಿದರೆ ಎದುರು ವಾಹನದ ವಿಮಾ ಕಂಪನಿಯೇ ಪತ್ತೆಯಾಗುವುದಿಲ್ಲ. ನೀವು ತೆಗೆದ ನಂಬರ್ ಪ್ಲೇಟಿನ ಚಿತ್ರವನ್ನು ಅನುವಾದಕರಿಗೂ ಕೊಡಿರಿ. ಇನ್ನೊಂದು ಮಾತು: ಫ್ರಾನ್ಸ್ 2024ರ ಏಪ್ರಿಲ್ 1ರಿಂದ ತನ್ನಲ್ಲಿ ನೋಂದಣಿಯಾದ ಸಾಮಾನ್ಯ ವಾಹನಗಳ ಹಸಿರು ವಿಮಾ ಕಾರ್ಡನ್ನೂ ಗಾಜಿಗೆ ಅಂಟಿಸುವ ಚೀಟಿಯನ್ನೂ ರದ್ದು ಮಾಡಿದೆ. ಆದ್ದರಿಂದ ಬಿ ಕಾಲಮಿನಲ್ಲಿ ಹಸಿರು ಕಾರ್ಡಿನ ಸಂಖ್ಯೆ ಖಾಲಿಯಿದ್ದರೆ ಅದು ಆ ಚಾಲಕರಿಗೆ ವಿಮೆಯಿಲ್ಲ ಎಂಬುದರ ಗುರುತಲ್ಲ.

ಇಂಗ್ಲಿಷಿನಂತೆಯೇ ಕಂಡು ಮೋಸಗೊಳಿಸುವ ಪದಗಳು ಯಾವುವು?

ಮೂರು ಪದಗಳು ಸಾಕು. ವಾಹನದ ಭಾಗದಲ್ಲಿ ಬರುವ ‘ರಮೊರ್ಕ್’ ಎಂದರೆ ಟ್ರೇಲರ್. ಅದನ್ನು ಷರಾ ಎಂದು ತಿಳಿದು ಅನುವಾದಿಸಿದ್ದನ್ನು ನಾನು ನೋಡಿದ್ದೇನೆ. ವಿಮಾ ಪತ್ರಗಳಲ್ಲಿ ಬರುವ ‘ಸಿನಿಸ್ತ್ರ್’ ಎಂದರೆ ಸಂಭವಿಸಿದ ನಷ್ಟ ಅಥವಾ ಅದರ ಕ್ಲೇಮು. ‘ಫ್ರಾಂಶೀಜ್’ ಎಂದರೆ ನೀವು ಕೈಯಿಂದ ಭರಿಸಬೇಕಾದ ಮೊತ್ತ, ಇಂಗ್ಲೆಂಡಿನವರು ಅದನ್ನು ‘ಎಕ್ಸೆಸ್’ ಎನ್ನುತ್ತಾರೆ.

ಯಾರಿಗಾದರೂ ಗಾಯವಾಗಿದ್ದು ಪೊಲೀಸರು ಬಂದಿದ್ದರೆ?

ಆಗ ಇದರ ಜೊತೆಗೆ ಪೊಲೀಸರೋ ಜಾಂದಾರ್ಮರಿಯವರೋ ಬರೆದ ‘ಪ್ರೊಸೆ ವೆರ್ಬಾಲ್’ ಎಂಬ ದಾಖಲೆಯೂ ಇರುತ್ತದೆ. ಅದು ಹೇಳಿಕೆಗಳು, ಅಳತೆಗಳು, ಪರೀಕ್ಷೆಗಳು ಸೇರಿದ ಹಲವು ಪುಟಗಳ ಬರಹ. ಅದರಲ್ಲಿ ಚಾಲಕರ ಉಸಿರಿನ ಮದ್ಯ ಪರೀಕ್ಷೆಯ ಅಂಕಿಯನ್ನು ಅನುವಾದಿಸುವಾಗ ವಿಶೇಷ ಎಚ್ಚರ ಬೇಕು. ಫ್ರಾನ್ಸಿನಲ್ಲಿ ಅದನ್ನು ಒಂದು ಲೀಟರ್ ಉಸಿರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಇಂಗ್ಲೆಂಡಿನಲ್ಲಿ 100 ಮಿಲಿಲೀಟರ್ ಉಸಿರಿಗೆ ಇಷ್ಟು ಮೈಕ್ರೊಗ್ರಾಂ ಎನ್ನುತ್ತಾರೆ. ಫ್ರೆಂಚ್ ಬರಹದ 0,25 ಎಂಬುದು, ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸುವುದರಿಂದ, ನಮ್ಮ 0.25. ಇಂಗ್ಲೆಂಡಿನ ಲೆಕ್ಕದಲ್ಲಿ ಅದು 25. ಇಂಗ್ಲೆಂಡಿನ ಮಿತಿ 35 ಆದ್ದರಿಂದ ಅಲ್ಲಿನ ಓದುಗರಿಗೆ ಇದು ಮಿತಿಯೊಳಗಿನದು, ಆದರೆ ಫ್ರಾನ್ಸಿನಲ್ಲಿ 0.25 ಮುಟ್ಟಿದರೇ ಅಪರಾಧ. ಅನುವಾದಕರು ಮೂಲದ ಮಾನವನ್ನೇ ಉಳಿಸಿ, ಪರಿವರ್ತಿಸಿದ ಅಂಕಿಯನ್ನು ಬೇಕಿದ್ದರೆ ಟಿಪ್ಪಣಿಯಲ್ಲಿ ಕೊಡಬೇಕು.

ಮೂಲದಲ್ಲೇ ತಪ್ಪಿದೆಯೆಂದು ಮನೆಗೆ ಬಂದಮೇಲೆ ಗೊತ್ತಾಯಿತು. ಅನುವಾದದಲ್ಲಿ ಸರಿಪಡಿಸಬಹುದೇ?

ಆಗದು. ಇಬ್ಬರೂ ಸಹಿ ಮಾಡಿ ಪ್ರತಿಗಳನ್ನು ಬೇರ್ಪಡಿಸಿದ ಮೇಲೆ ಮುಂಬದಿಯಲ್ಲಿ ಒಂದಕ್ಷರವನ್ನೂ ಬದಲಿಸುವಂತಿಲ್ಲ; ಎದುರು ಚಾಲಕರ ಪ್ರತಿಯಲ್ಲಿ ಆ ಬದಲಾವಣೆ ಇಲ್ಲದಿರುವುದರಿಂದ ತಿದ್ದಿದ್ದು ಕೂಡಲೇ ಬಯಲಾಗುತ್ತದೆ. ಫ್ರೆಂಚ್ ನಮೂನೆಯ ಹಿಂಬದಿಯು ಮಾತ್ರ ನಿಮ್ಮ ಮತ್ತು ನಿಮ್ಮ ಕಂಪನಿಯ ನಡುವಿನದು, ಅದಕ್ಕೆ ಎದುರು ಚಾಲಕರ ಸಹಿಯ ಅಗತ್ಯವಿಲ್ಲ. ಮುಂಬದಿಯಲ್ಲಿ ಏನು ತಪ್ಪಾಗಿದೆ, ಏಕೆ ಹಾಗಾಯಿತು ಎಂಬುದನ್ನು ಅಲ್ಲಿಯೋ ಪ್ರತ್ಯೇಕ ಇಂಗ್ಲಿಷ್ ಪತ್ರದಲ್ಲಿಯೋ ನಿಮ್ಮದೇ ಮಾತಿನಲ್ಲಿ ಬರೆದು, ದಿನಾಂಕ ಹಾಕಿ ಸಹಿ ಮಾಡಿರಿ. ಆ ಪತ್ರವನ್ನು ಅನುವಾದದ ಪುಟಗಳೊಂದಿಗೆ ಒಂದೇ ಕಡತವಾಗಿ ಸೇರಿಸಬೇಡಿ, ಇಲ್ಲವಾದರೆ ನಿಮ್ಮ ಮಾತಿಗೂ ಅನುವಾದಕರೇ ಪ್ರಮಾಣ ಕೊಟ್ಟಂತೆ ಕಾಣುತ್ತದೆ.